ಸಕ್ಕರೆ ಅಗ್ಗ, ಸಿಮ್ ಉಚಿತ: ಬಿಟ್ಟಿ ಕೊಟ್ಟವರಿಗೆ ಹಣ ಎಲ್ಲಿಂದ ಮರಳುತ್ತದೆ?

ತಿಂಗಳ ಮೊದಲ ವಾರ, ಸಂಬಳ ಕೈಸೇರಿದ ಸಮಯ. ಬೆಂಗಳೂರಿರಲಿ, ಮೈಸೂರಿರಲಿ, ಹುಬ್ಬಳ್ಳಿಯಿರಲಿ, ಬಡಾವಣೆಯ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಒಂದು ಫಲಕ ಎದ್ದು ಕಾಣುತ್ತದೆ: ‘ಸಕ್ಕರೆ ಕೆ.ಜಿ.ಗೆ ಕೇವಲ 38 ರೂ. 1,500 ರೂ. ಮೇಲಿನ ಖರೀದಿಗೆ ಮಾತ್ರ. ಒಂದು ಬಿಲ್ಲಿಗೆ 2 ಕೆ.ಜಿ.’ ಅದೇ ದಿನ ಪಕ್ಕದ ಬೀದಿಯ ದಿನಸಿ ಅಂಗಡಿಯಲ್ಲಿ ಸಕ್ಕರೆಯ ಬೆಲೆ 46 ರೂ. ಆ ಅಂಗಡಿಯವರು ಸಗಟು ಮಾರುಕಟ್ಟೆಯಿಂದ ತಂದದ್ದೇ 42 ರೂಪಾಯಿಗೆ. ಅವರ ಖರೀದಿ ಬೆಲೆಗಿಂತಲೂ ಕಡಿಮೆಗೆ ಮಾರುವುದು ದೊಡ್ಡ ಅಂಗಡಿಗೆ ಹೇಗೆ ಸಾಧ್ಯವಾಯಿತು? ಅವರೇನು ಧರ್ಮಛತ್ರ ನಡೆಸುತ್ತಿದ್ದಾರೆಯೇ?

ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಿಟ್ಟುಕೊಟ್ಟ ಹಣ ಯಾವ ದಾರಿಯಲ್ಲಿ, ಎಷ್ಟು ಕಾಲದಲ್ಲಿ, ಯಾರ ಜೇಬಿನಿಂದ ಮರಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವವರು ವಿರಳ. ಕೆಲವು ಸಲ ಅದು ಅದೇ ಬಿಲ್ಲಿನಲ್ಲಿ ಮರಳುತ್ತದೆ, ಕೆಲವು ಸಲ ವರ್ಷಗಳ ನಂತರ ಮರಳುತ್ತದೆ, ಇನ್ನು ಕೆಲವು ಸಲ ನಮ್ಮ ಮರೆವಿನಿಂದ ಮರಳುತ್ತದೆ. ಈ ಮೂರು ದಾರಿಗಳನ್ನು ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಬಿಲ್ಲಿನ ಲೆಕ್ಕ

ನಷ್ಟಕ್ಕೆ ಮಾರಿ ಗಿರಾಕಿಯನ್ನು ಒಳಗೆ ಕರೆತರುವ ಸರಕಿಗೆ ವ್ಯಾಪಾರಿ ಜಗತ್ತಿನಲ್ಲಿ ‘ಲಾಸ್ ಲೀಡರ್’ ಎಂದು ಹೆಸರು. ಮೇಲಿನ ಸಕ್ಕರೆ ಅಂಥದ್ದೇ ಸರಕು. ದೊಡ್ಡ ಅಂಗಡಿಗೂ ಸಕ್ಕರೆ 42 ರೂಪಾಯಿಗೇ ಬಿದ್ದಿದೆ ಎಂದು ಇಟ್ಟುಕೊಳ್ಳೋಣ. (ಇಲ್ಲಿ ಬಳಸಿರುವ ದರಗಳು ಲೆಕ್ಕ ತಿಳಿಯಲೆಂದು ಹಿಡಿದವು. ಊರು ಮತ್ತು ಕಾಲಕ್ಕೆ ತಕ್ಕಂತೆ ಇವು ಬದಲಾಗುತ್ತವೆ.) ಎರಡು ಕೆ.ಜಿ. ಸಕ್ಕರೆಯನ್ನು 76 ರೂಪಾಯಿಗೆ ಕೊಟ್ಟಾಗ ಅಂಗಡಿಗೆ 8 ರೂಪಾಯಿ ನಷ್ಟ.

ಈಗ ಬಿಲ್ಲಿನ ಉಳಿದ ಭಾಗವನ್ನು ನೋಡೋಣ. ಆ ಗೃಹಿಣಿಯ ತಳ್ಳುಗಾಡಿಯಲ್ಲಿ 724 ರೂಪಾಯಿಯ ಅಕ್ಕಿ, ಬೇಳೆ, ಎಣ್ಣೆ ಇವೆ. ಇವುಗಳಲ್ಲಿ ಲಾಭ ತೆಳು, ಒಟ್ಟಾರೆ 43 ರೂಪಾಯಿ ಎನ್ನಿ. 400 ರೂಪಾಯಿಯ ಸೋಪು, ಪೇಸ್ಟು, ಬಿಸ್ಕತ್ತುಗಳಿಂದ 60 ರೂಪಾಯಿ ಸಿಗುತ್ತದೆ. ಮನೆಯಿಂದ ಹೊರಡುವಾಗ ಪಟ್ಟಿಯಲ್ಲೇ ಇರದಿದ್ದ, ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಮೇಲೆ ಕೊಂಡ ಒಂದು ಪ್ಲಾಸ್ಟಿಕ್ ಡಬ್ಬಿ, ಎರಡು ಟವೆಲ್, ಮಗುವಿನ ಅಂಗಿ ಸೇರಿ 300 ರೂಪಾಯಿ. ಇದರಲ್ಲಿ ಉಳಿಯುವುದು 90 ರೂಪಾಯಿ. ಎಲ್ಲ ಸೇರಿ 1,500 ರೂಪಾಯಿಯ ಬಿಲ್ಲಿನಲ್ಲಿ 193 ರೂಪಾಯಿ ಲಾಭ, ಸಕ್ಕರೆಯ 8 ರೂಪಾಯಿ ನಷ್ಟ. ಉಳಿದದ್ದು 185 ರೂಪಾಯಿ. ಬಾಡಿಗೆ, ಸಂಬಳ, ವಿದ್ಯುತ್ ಶುಲ್ಕಗಳನ್ನು ಇದರಿಂದಲೇ ಭರಿಸಬೇಕಾದರೂ, ಸಕ್ಕರೆಯ ನಷ್ಟ ಮಾತ್ರ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಬರೀ ಸಕ್ಕರೆ ಕೊಂಡು ಹೋಗುವ 23 ಗಿರಾಕಿಗಳ ನಷ್ಟವನ್ನು ಇಂಥ ಒಂದೇ ಬಿಲ್ಲು ತುಂಬಿಕೊಡಬಲ್ಲದು.

ಹಾಗಾದರೆ ಸಕ್ಕರೆಯೇ ಏಕೆ? ಅಂಗಡಿಯಲ್ಲಿ ಸಾವಿರಾರು ಬಗೆಯ ಸರಕುಗಳಿದ್ದರೂ, ನಮಗೆ ಬೆಲೆ ಬಾಯಿಪಾಠವಾಗಿರುವುದು ಬೆರಳೆಣಿಕೆಯ ವಸ್ತುಗಳದ್ದು ಮಾತ್ರ: ಸಕ್ಕರೆ, ಎಣ್ಣೆ, ಅಕ್ಕಿ, ತೊಗರಿ ಬೇಳೆ, ಈರುಳ್ಳಿ. ಟವೆಲ್ಲಿನ ಬೆಲೆ 120 ರೂಪಾಯಿ ಇರಬೇಕೋ 150 ಇರಬೇಕೋ ಎಂದು ಯಾರೂ ತೂಗಿ ನೋಡುವುದಿಲ್ಲ. ಗೊತ್ತಿರುವ ನಾಲ್ಕು ಬೆಲೆಗಳು ಅಗ್ಗವಾಗಿದ್ದರೆ ಗೊತ್ತಿಲ್ಲದ ನಾಲ್ಕು ನೂರು ಬೆಲೆಗಳೂ ಅಗ್ಗವೇ ಇರಬೇಕೆಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ. ಅಂಗಡಿಯವರು ಹಣ ತೆತ್ತು ಕೊಳ್ಳುತ್ತಿರುವುದು ಈ ತೀರ್ಮಾನವನ್ನು. ಜೊತೆಗೆ ಸಕ್ಕರೆಯನ್ನು ಅಗ್ಗವೆಂದು ಯಾರೂ ಮಾಮೂಲಿಗಿಂತ ಎರಡು ಪಟ್ಟು ತಿನ್ನುವುದಿಲ್ಲವಾದ್ದರಿಂದ ನಷ್ಟಕ್ಕೆ ಒಂದು ಮಿತಿಯೂ ಇರುತ್ತದೆ.

ಲೆಕ್ಕ ತಪ್ಪುವ ಬಗೆಯೂ ಇದೆ. ಫಲಕದಲ್ಲಿರುವ ಎರಡು ಷರತ್ತುಗಳನ್ನು ಅಂಗಡಿಯವರು ಅನುಭವದಿಂದ ಬರೆಸಿದ್ದಾರೆ. ‘ಒಂದು ಬಿಲ್ಲಿಗೆ 2 ಕೆ.ಜಿ.’ ಎಂಬ ಷರತ್ತು ಇಲ್ಲದಿದ್ದರೆ ಮೊದಲ ಗಿರಾಕಿಯಾಗಿ ಬಂದು ಮೂಟೆ ಹೊರುವವರು ಪಕ್ಕದ ಬೀದಿಯ ದಿನಸಿ ಅಂಗಡಿಯವರೇ. 42ಕ್ಕೆ ಸಗಟಿನಲ್ಲಿ ತರುವ ಬದಲು 38ಕ್ಕೆ ಇಲ್ಲಿಂದಲೇ ಒಯ್ದರೆ ಅವರಿಗೆ ಲಾಭ. ‘1,500 ರೂ. ಮೇಲಿನ ಖರೀದಿಗೆ’ ಎಂಬ ಷರತ್ತು ಸಕ್ಕರೆಯೊಂದನ್ನೇ ಆರಿಸಿಕೊಂಡು ಹೋಗುವ ಜಾಣರನ್ನು ತಡೆಯುತ್ತದೆ.

ಆದರೆ ಯಾವ ಷರತ್ತಿನಿಂದಲೂ ತಡೆಯಲಾಗದ ಒಂದು ನಷ್ಟವಿದೆ. ಅದು ಹಳೆಯ ಗಿರಾಕಿಯದು. ಫಲಕವಿಲ್ಲದಿದ್ದರೂ ಬರುತ್ತಿದ್ದ, 46ರ ದರದಲ್ಲಿ 92 ರೂಪಾಯಿ ಕೊಟ್ಟು ಸಕ್ಕರೆ ಕೊಳ್ಳುತ್ತಿದ್ದ ಗಿರಾಕಿಗೆ ಈಗ 76 ರೂಪಾಯಿಗೆ ಕೊಟ್ಟಾಗ ಅಂಗಡಿ ಕೈಬಿಡುವುದು 8 ರೂಪಾಯಿಯನ್ನಲ್ಲ, 16 ರೂಪಾಯಿಯನ್ನು. ಆದ್ದರಿಂದಲೇ ಇಂಥ ಫಲಕಗಳು ಹೊಸ ಮಳಿಗೆ ತೆರೆದಾಗ, ಹಬ್ಬದ ಮುನ್ನ, ತಿಂಗಳ ಆರಂಭದಲ್ಲಿ ಕಾಣಿಸಿಕೊಂಡು ಆಮೇಲೆ ಮಾಯವಾಗುತ್ತವೆ. ಹೊಸಬರು ಬರುವ ಸಂಭವ ಹೆಚ್ಚಿರುವಾಗ ಮಾತ್ರ ನಷ್ಟದ ಸರಕಿಗೆ ಬೆಲೆಯುಂಟು.

ಈ ಆಟದಲ್ಲಿ ಸೋಲುವವರು ಚಿಕ್ಕ ಅಂಗಡಿಯವರು. ಅವರಿಗೆ ಲೆಕ್ಕ ಬಾರದೆಂದಲ್ಲ. ಸಕ್ಕರೆಯ ನಷ್ಟವನ್ನು ತುಂಬಿಕೊಡುವ ಟವೆಲ್, ಡಬ್ಬಿ, ಅಂಗಿಗಳು ಅವರ ಹತ್ತಡಿ ಅಗಲದ ಮಳಿಗೆಯಲ್ಲಿ ಇಲ್ಲ. ತಿಂಗಳ ಉದ್ರಿ, ಫೋನ್ ಮಾಡಿದರೆ ಮನೆಗೆ ಸಾಮಾನು, ಮಧ್ಯರಾತ್ರಿ ಬೇಕಾದ ಹಾಲಿನ ಪುಡಿ, ಇವೇ ಅವರ ಆಕರ್ಷಣೆಗಳು. ವಾಸ್ತವವಾಗಿ ಬಡ್ಡಿಯಿಲ್ಲದ ಉದ್ರಿಯೂ ಒಂದು ಬಗೆಯ ಉಚಿತ ಕೊಡುಗೆಯೇ. ಅದರ ವೆಚ್ಚ 46 ರೂಪಾಯಿಯ ಸಕ್ಕರೆಯಲ್ಲಿ ಸೇರಿಕೊಂಡಿರುತ್ತದೆ.

ಏಳು ತಿಂಗಳ ಉಚಿತ ಸಿಮ್

ಸಕ್ಕರೆಯ ನಷ್ಟ ಅದೇ ಬಿಲ್ಲಿನಲ್ಲಿ ತುಂಬಿಬರುತ್ತದೆ. ಗಿರಾಕಿ ಇಂದು ಏನನ್ನೂ ಕೊಳ್ಳದೆ, ಮುಂದೆಂದೋ ಕೊಂಡಾನೆಂಬ ನಂಬಿಕೆಯ ಮೇಲೆ ಕೊಡುವ ಉಚಿತದ ಕಥೆ ಬೇರೆ. ಇದಕ್ಕೆ ನಮ್ಮ ದೇಶದಲ್ಲಿ ಎಲ್ಲರೂ ಕಣ್ಣಾರೆ ಕಂಡ ಉದಾಹರಣೆ ರಿಲಯನ್ಸ್ ಜಿಯೊ.

ಜಿಯೊ ಸೇವೆ ಆರಂಭವಾದದ್ದು 2016ರ ಸೆಪ್ಟೆಂಬರ್ 5ರಂದು. ಡಿಸೆಂಬರ್ 31ರವರೆಗೆ ಕರೆ, ಇಂಟರ್ನೆಟ್ ಎರಡೂ ಉಚಿತವೆಂದು ಪ್ರಕಟಿಸಲಾಯಿತು. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಯಾವುದೇ ಪ್ರಚಾರ ಕೊಡುಗೆ 90 ದಿನ ಮೀರುವಂತಿಲ್ಲ. 90 ದಿನ ಮುಗಿಯುತ್ತಿದ್ದಂತೆ ಕಂಪನಿಯು ‘ಹ್ಯಾಪಿ ನ್ಯೂ ಇಯರ್’ ಎಂಬ ಬೇರೆ ಹೆಸರಿನ ಕೊಡುಗೆ ತಂದಿತು. ದಿನಕ್ಕೆ 4 ಜಿಬಿ ಇದ್ದ ವೇಗದ ಡೇಟಾ ಮಿತಿಯನ್ನು 1 ಜಿಬಿಗೆ ಇಳಿಸಿ, ಉಚಿತ ಸೇವೆಯನ್ನು 2017ರ ಮಾರ್ಚ್ 31ರವರೆಗೆ ಮುಂದುವರಿಸಿತು.

ಈ ಕೊಡುಗೆಯಿಂದ ಕಂಪನಿಗಾದ ವೆಚ್ಚವೇನು? ಸಕ್ಕರೆಯ ಪ್ರತಿ ಕೆ.ಜಿ.ಗೂ ಅಂಗಡಿಯವರು ಹಣ ತೆತ್ತಿರುತ್ತಾರೆ. ಮೊಬೈಲ್ ಜಾಲ ಹಾಗಲ್ಲ. ಗೋಪುರ, ತಂತಿ, ತರಂಗಾಂತರಗಳಿಗೆ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ ಮೊದಲೇ ವೆಚ್ಚವಾಗಿತ್ತು. ಆ ಜಾಲ ಖಾಲಿ ಕುಳಿತಿದ್ದರೂ ಖರ್ಚು ಅಷ್ಟೇ, ತುಂಬಿ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ಖಾಲಿ ಹೊರಡುವ ಬಸ್ಸಿನಲ್ಲಿ ಬಿಟ್ಟಿ ಕೂರಿಸಿಕೊಂಡು ಹೋದಂತೆ, ಖಾಲಿ ಜಾಲದಲ್ಲಿ ಒಂದು ಜಿಬಿ ಹೆಚ್ಚಿಗೆ ಹರಿದರೆ ಕಂಪನಿಗೆ ಬೀಳುವ ಹೊಸ ವೆಚ್ಚ ಅತ್ಯಲ್ಪ. ಇಂಟರ್ನೆಟ್, ಸಾಫ್ಟ್‌ವೇರ್, ಚಲನಚಿತ್ರ ತಾಣಗಳು ಧಾರಾಳವಾಗಿ ಉಚಿತ ಅವಧಿ ಕೊಡುವುದಕ್ಕೂ, ಬಂಗಾರದ ಅಂಗಡಿಯವರು ಕೊಡದಿರುವುದಕ್ಕೂ ಇದೇ ಕಾರಣ.

ಆದರೂ ಒಂದು ರಂಧ್ರವಿತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದಾಗ, ಕರೆ ಹೊರಟ ಕಡೆಯ ಕಂಪನಿಯು ಕರೆ ಮುಟ್ಟಿದ ಕಡೆಯ ಕಂಪನಿಗೆ ನಿಮಿಷಕ್ಕೆ 14 ಪೈಸೆ ಅಂತರ್‌ಸಂಪರ್ಕ ಶುಲ್ಕ ಕೊಡಬೇಕಿತ್ತು. ಜಿಯೊ ಗ್ರಾಹಕನೊಬ್ಬ ದಿನಕ್ಕೆ 20 ನಿಮಿಷ ಬೇರೆ ಕಂಪನಿಯವರೊಂದಿಗೆ ಮಾತನಾಡಿದನೆನ್ನಿ. ದಿನಕ್ಕೆ 2 ರೂಪಾಯಿ 80 ಪೈಸೆ, ತಿಂಗಳಿಗೆ 84 ರೂಪಾಯಿ ಪ್ರತಿಸ್ಪರ್ಧಿಯ ಖಾತೆಗೆ ಹೋಗುತ್ತದೆ. ಒಳಬರುವ ಕರೆಗಳಿಗೆ ಜಿಯೊಗೂ ಅದೇ ದರ ಸಿಗುತ್ತಿತ್ತಾದರೂ, ಬಿಟ್ಟಿ ಮಾತನಾಡಬಹುದಾದ ಜಾಲದಿಂದ ಹೊರಹೋಗುವ ಕರೆಗಳೇ ಹೆಚ್ಚು. ಟ್ರಾಯ್ ಈ ಶುಲ್ಕವನ್ನು 2017ರ ಅಕ್ಟೋಬರ್ 1ರಿಂದ 6 ಪೈಸೆಗೆ ಇಳಿಸಿತು. ಅದನ್ನು ಪೂರ್ತಿ ರದ್ದು ಮಾಡುವುದು ತಡವಾದಾಗ, ‘ಕರೆ ಎಂದೆಂದಿಗೂ ಉಚಿತ’ ಎಂದಿದ್ದ ಜಿಯೊ 2019ರ ಅಕ್ಟೋಬರಿನಲ್ಲಿ ಆ 6 ಪೈಸೆಯನ್ನು ಗ್ರಾಹಕರಿಂದಲೇ ವಸೂಲು ಮಾಡಿತು. 2021ರ ಜನವರಿ 1ರಂದು ಶುಲ್ಕ ರದ್ದಾದ ಮೇಲೆ ಕರೆಗಳು ಮತ್ತೆ ಉಚಿತವಾದವು. ಉಚಿತವೆಂಬುದು ಎಲ್ಲಿಯವರೆಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕೊಡುವವರಿಗೆ ನಿಜವಾದ ಖರ್ಚು ಬೀಳುವ ಕಡೆ ಅದು ಮೊದಲು ನಿಲ್ಲುತ್ತದೆ.

ಇನ್ನು ಫಲದ ವಿಚಾರ. 2017ರ ಫೆಬ್ರುವರಿ 21ರಂದು ಕಂಪನಿಯು 170 ದಿನಗಳಲ್ಲಿ 10 ಕೋಟಿ ಗ್ರಾಹಕರಾದರೆಂದು ಪ್ರಕಟಿಸಿತು. ಜೊತೆಯಲ್ಲೇ ವರ್ಷಕ್ಕೆ 99 ರೂಪಾಯಿಯ ‘ಪ್ರೈಮ್’ ಸದಸ್ಯತ್ವವನ್ನು ತಂದಿತು. ಈ 99 ರೂಪಾಯಿ ದೊಡ್ಡ ಆದಾಯವಲ್ಲ. ಅದರ ಕೆಲಸ ಬೇರೆಯೇ ಇತ್ತು. ಸೊನ್ನೆಯಿಂದ ಒಂದು ರೂಪಾಯಿಗೆ ಗಿರಾಕಿಯನ್ನು ದಾಟಿಸುವುದು ನೂರರಿಂದ ಇನ್ನೂರಕ್ಕೆ ದಾಟಿಸುವುದಕ್ಕಿಂತ ಕಷ್ಟ. ಆ ಮೊದಲ ಹೆಜ್ಜೆ ಇಡಿಸಲು ಸಣ್ಣ ಮೊತ್ತ ಬೇಕಿತ್ತು. ಮಾರ್ಚ್ ಅಂತ್ಯದ ವೇಳೆಗೆ 7.2 ಕೋಟಿ ಜನ ಅದನ್ನು ಪಾವತಿಸಿದ್ದರೆಂದು ಕಂಪನಿ ಹೇಳಿತು. ಅಷ್ಟಾದರೂ ಇನ್ನೂ ಮೂರು ತಿಂಗಳ ‘ಸಮ್ಮರ್ ಸರ್‌ಪ್ರೈಸ್’ ಕೊಡಲು ಹೊರಟಾಗ ಟ್ರಾಯ್ ಅದನ್ನು ಹಿಂತೆಗೆದುಕೊಳ್ಳಲು ಸೂಚಿಸಿತು, ಕಂಪನಿ ಹಿಂತೆಗೆಯಿತು. 2017ರ ಅಕ್ಟೋಬರ್-ಡಿಸೆಂಬರ್ ತ್ರೈಮಾಸಿಕದಲ್ಲಿ ಜಿಯೊ ಮೊದಲ ಬಾರಿಗೆ 504 ಕೋಟಿ ರೂಪಾಯಿ ನಿವ್ವಳ ಲಾಭ ತೋರಿಸಿತು.

ಮರಳಿ ಬಂದ ಹಣದ ದಾರಿಯನ್ನು ಒಂದೇ ಯೋಜನೆಯ ಬೆಲೆಯಲ್ಲಿ ಓದಬಹುದು. 28 ದಿನ, ದಿನಕ್ಕೆ ಒಂದೂವರೆ ಜಿಬಿ ಡೇಟಾ ಕೊಡುವ ಯೋಜನೆಗೆ 2018ರಲ್ಲಿ 149 ರೂಪಾಯಿ ಇತ್ತು. 2019ರ ಡಿಸೆಂಬರಿನಲ್ಲಿ ಅದು 199 ಆಯಿತು. 2021ರ ಡಿಸೆಂಬರಿನಲ್ಲಿ 239, 2024ರ ಜುಲೈನಲ್ಲಿ 299. ಆರು ವರ್ಷಗಳಲ್ಲಿ ಬೆಲೆ ಎರಡು ಪಟ್ಟಾಯಿತು.

ಇದು ಅನ್ಯಾಯದ ಸ್ಪರ್ಧೆಯಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಭಾರ್ತಿ ಏರ್‌ಟೆಲ್ ಸಲ್ಲಿಸಿದ ದೂರನ್ನು ಭಾರತೀಯ ಸ್ಪರ್ಧಾ ಆಯೋಗ 2017ರ ಜೂನ್‌ನಲ್ಲಿ ತಳ್ಳಿಹಾಕಿತು. ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ ಎದುರಾಳಿಯನ್ನು ಹೊರದಬ್ಬುವುದನ್ನು 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ನಿಷೇಧಿಸುತ್ತದೆ. ಆದರೆ ಆ ನಿಷೇಧ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಹೊಂದಿದವರಿಗೆ ಮಾತ್ರ. ಆಗಷ್ಟೇ ಕಾಲಿಟ್ಟ, ಶೇ 7ಕ್ಕಿಂತ ಕಡಿಮೆ ಪಾಲಿನ ಕಂಪನಿಯನ್ನು ಪ್ರಬಲವೆನ್ನಲಾಗದು ಎಂಬುದು ಆಯೋಗದ ನಿಲುವು. ಇಲ್ಲೊಂದು ತೊಡಕಿದೆ. ಕೊಡುಗೆ ನಡೆಯುವಾಗ ಕೊಡುವವರು ಚಿಕ್ಕವರಾಗಿರುತ್ತಾರೆ. ಅವರು ದೊಡ್ಡವರಾಗುವ ಹೊತ್ತಿಗೆ ಕೊಡುಗೆ ಮುಗಿದಿರುತ್ತದೆ.

ಆ ನಡುವೆ ಏರ್‌ಸೆಲ್ ದಿವಾಳಿಯಾಯಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ಸೇವೆಗಳು ಏರ್‌ಟೆಲ್ ಪಾಲಾದವು, 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ವಿಲೀನಗೊಂಡವು. ಇವುಗಳಲ್ಲಿ ಕೆಲವಕ್ಕೆ ಮೊದಲೇ ಸಾಲದ ಹೊರೆಯಿತ್ತೆಂಬುದೂ ನಿಜ, ಗ್ರಾಹಕರಿಗೆ ಹಲವು ವರ್ಷ ಅಗ್ಗದ ಇಂಟರ್ನೆಟ್ ದಕ್ಕಿತೆಂಬುದೂ ನಿಜ. ಹತ್ತಿಪ್ಪತ್ತು ಅಂಗಡಿಗಳಿರುವ ಬೀದಿಯಲ್ಲಿ ಸಕ್ಕರೆಯ ಫಲಕ ತೆಗೆದವರು ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮೂರ್ನಾಲ್ಕೇ ಅಂಗಡಿಗಳು ಉಳಿದಾಗ ಎಲ್ಲಿಗೆ ಹೋದಾನು?

ಮರೆವಿನ ಮೇಲೆ ನಿಂತ ಲಾಭ

ಮೂರನೆಯದು ನಮ್ಮ ಮೊಬೈಲಿನಲ್ಲಿ ದಿನವೂ ಕಾಣುವ ‘30 ದಿನ ಉಚಿತ’. ಚಲನಚಿತ್ರ, ಸಂಗೀತ, ವ್ಯಾಯಾಮ, ಮಕ್ಕಳ ಪಾಠ, ಯಾವುದೇ ಸೇವೆಯಿರಲಿ, ಇದರಲ್ಲಿ ಎರಡು ಜಾತಿಗಳಿವೆ. ಮೊದಲನೆಯದರಲ್ಲಿ ಕಾರ್ಡ್ ಅಥವಾ ಯುಪಿಐ ವಿವರ ಕೇಳುವುದಿಲ್ಲ. ಅವಧಿ ಮುಗಿದರೆ ಸೇವೆ ನಿಲ್ಲುತ್ತದೆ, ಬೇಕಿದ್ದವರು ಹಣ ಕಟ್ಟಿ ಮುಂದುವರಿಯುತ್ತಾರೆ. ಎರಡನೆಯದರಲ್ಲಿ ಮೊದಲೇ ಖಾತೆಯ ಅನುಮತಿ ಪಡೆಯಲಾಗುತ್ತದೆ. ಅವಧಿ ಮುಗಿದ ಮರುದಿನ ಹಣ ತಾನಾಗಿ ಕಡಿತವಾಗುತ್ತದೆ.

ಮೇಲ್ನೋಟಕ್ಕೆ ವ್ಯತ್ಯಾಸ ಸಣ್ಣದು, ಲೆಕ್ಕದಲ್ಲಿ ದೊಡ್ಡದು. ಸಾವಿರ ಜನ ಉಚಿತ ಅವಧಿಗೆ ಸೇರಿದರೆನ್ನೋಣ. ನೂರು ಜನರಿಗೆ ಸೇವೆ ನಿಜವಾಗಿ ಇಷ್ಟವಾಯಿತು. ಮೊದಲ ಪದ್ಧತಿಯಲ್ಲಿ ಕಂಪನಿಗೆ ಸಿಗುವುದು ಈ ನೂರು ಜನರ ಹಣ. ಎರಡನೆಯ ಪದ್ಧತಿಯಲ್ಲಿ ಇವರ ಜೊತೆಗೆ, ರದ್ದು ಮಾಡಲು ಮರೆತ ಇನ್ನೂರು ಜನರೂ ಇದ್ದಾರೆಂದು ಊಹಿಸಿ. ತಿಂಗಳಿಗೆ 199 ರೂಪಾಯಿಯಂತೆ ಮೂರು ತಿಂಗಳು ಗಮನಿಸದಿದ್ದರೆ ಒಬ್ಬೊಬ್ಬರಿಂದ 597 ರೂಪಾಯಿ, ಇನ್ನೂರು ಜನರಿಂದ 1,19,400 ರೂಪಾಯಿ. ಇಷ್ಟಪಟ್ಟ ನೂರು ಜನ ಅದೇ ಮೂರು ತಿಂಗಳಲ್ಲಿ ಕೊಡುವುದು 59,700 ರೂಪಾಯಿ. ಅಂದರೆ ಸೇವೆಯನ್ನು ಮೆಚ್ಚಿದವರಿಗಿಂತ ಮರೆತವರೇ ಹೆಚ್ಚು ಲಾಭದಾಯಕರಾದರು. ಇಂಥ ಸಂಸ್ಥೆಗೆ ಸೇವೆಯನ್ನು ಉತ್ತಮಪಡಿಸುವುದಕ್ಕಿಂತ ರದ್ದತಿಯ ಗುಂಡಿಯನ್ನು ಮರೆಯಾಗಿಡುವುದರಲ್ಲಿ ಹೆಚ್ಚು ಆಸಕ್ತಿ ಹುಟ್ಟಿದರೆ ಅಚ್ಚರಿಯಿಲ್ಲ.

ಇಲ್ಲಿ ಕಾನೂನು ಗ್ರಾಹಕನ ಬೆಂಬಲಕ್ಕಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ, 2021ರ ಅಕ್ಟೋಬರ್ 1ರಿಂದ ಇಂಥ ಸ್ವಯಂ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಕಳುಹಿಸಬೇಕು, ಬೇಡವೆನ್ನಲು ಅವಕಾಶ ಕೊಡಬೇಕು. ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಲಾಗಿದೆ. ‘ಚಂದಾ ಬಲೆ’ ಅವುಗಳಲ್ಲೊಂದು. ರದ್ದತಿಯನ್ನು ಜಟಿಲಗೊಳಿಸುವುದಷ್ಟೇ ಅಲ್ಲ, ಉಚಿತ ಚಂದಾಕ್ಕಾಗಿ ಪಾವತಿ ವಿವರ ಅಥವಾ ಸ್ವಯಂ ಕಡಿತದ ಅನುಮತಿ ನೀಡುವಂತೆ ಬಲವಂತಪಡಿಸುವುದನ್ನೂ ಈ ವ್ಯಾಖ್ಯೆಯಲ್ಲಿ ಸೇರಿಸಲಾಗಿದೆ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ 24 ಗಂಟೆ ಮೊದಲು ಬರುವ ಆ ಸಂದೇಶ ಹತ್ತಾರು ಜಾಹೀರಾತು ಸಂದೇಶಗಳ ನಡುವೆ ಮುಳುಗಿಹೋಗುವುದೇ ಹೆಚ್ಚು. ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಂತಿತೆಂದು ಬಹಳ ಜನ ತಿಳಿಯುತ್ತಾರೆ. ಅದು ನಿಲ್ಲುವುದಿಲ್ಲ. ಅನುಮತಿ ಇರುವುದು ಬ್ಯಾಂಕಿನಲ್ಲಿ. ಯುಪಿಐ ಆ್ಯಪ್‌ನ ‘ಆಟೊಪೇ’ ವಿಭಾಗವನ್ನು ತೆರೆದರೆ ಯಾರ್ಯಾರಿಗೆ ಅನುಮತಿ ಕೊಟ್ಟಿದ್ದೇವೆಂಬ ಪಟ್ಟಿ ಸಿಗುತ್ತದೆ, ಅಲ್ಲಿಯೇ ರದ್ದು ಮಾಡಬಹುದು. ಕಾರ್ಡ್ ಮೂಲಕ ಕೊಟ್ಟ ಅನುಮತಿಯನ್ನು ಕಾರ್ಡ್ ನೀಡಿದ ಬ್ಯಾಂಕಿನ ಮೂಲಕ ಹಿಂಪಡೆಯಬಹುದು. ಅಷ್ಟಾದರೂ ಕಡಿತ ಮುಂದುವರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಅವಕಾಶವಿದೆ.

ಫಲಕದ ಮುಂದೆ ನಿಂತಾಗ

ಮೂರು ದಾರಿಗಳಲ್ಲಿ ಮೊದಲನೆಯದನ್ನು ಗ್ರಾಹಕ ಸುಲಭವಾಗಿ ತನ್ನ ಲಾಭಕ್ಕೆ ತಿರುಗಿಸಿಕೊಳ್ಳಬಹುದು. ಪಟ್ಟಿ ಬರೆದುಕೊಂಡು ಹೋಗಿ, ಪಟ್ಟಿಯಲ್ಲಿದ್ದುದನ್ನಷ್ಟೇ ಕೊಂಡರೆ ಸಕ್ಕರೆಯಲ್ಲಿ ಉಳಿದ 16 ರೂಪಾಯಿ ನಿಜವಾಗಿಯೂ ಅವನದು. 1,500 ರೂಪಾಯಿ ತಲುಪಲೆಂದು 300 ರೂಪಾಯಿಯ ಟವೆಲ್, ಡಬ್ಬಿ ಸೇರಿಸಿದ ಕ್ಷಣ ಆ ಲೆಕ್ಕ ತಲೆಕೆಳಗಾಗುತ್ತದೆ. ಮೂರನೆಯದರಲ್ಲಿ ಸೇರಿದ ದಿನವೇ ಸ್ವಯಂ ಕಡಿತವನ್ನು ರದ್ದು ಮಾಡುವುದು ಸರಳ ಉಪಾಯ. ಬಹುಪಾಲು ಸೇವೆಗಳು ಆಮೇಲೂ ಉಚಿತ ಅವಧಿ ಮುಗಿಯುವವರೆಗೆ ನಡೆಯುತ್ತವೆ. ಕೂಡಲೇ ನಿಲ್ಲಿಸುವ ಸೇವೆಯಾದರೆ, ಅದು ಯಾರನ್ನು ನಂಬಿ ವ್ಯಾಪಾರಕ್ಕಿಳಿದಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಎರಡನೆಯ ದಾರಿಯಲ್ಲಿ ಮಾತ್ರ ಒಬ್ಬ ಗ್ರಾಹಕನ ಜಾಣತನ ಸಾಲದು. ಅಗ್ಗವಾದ ಕಡೆಗೆ ಎಲ್ಲರೂ ಹೋಗುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಹೋದ ಮೇಲೆ ಬೀದಿಯಲ್ಲಿ ಇನ್ನೆಷ್ಟು ಅಂಗಡಿಗಳು ಬಾಗಿಲು ತೆರೆದಿರುತ್ತವೆ ಎಂಬುದರ ಮೇಲೆ ಮುಂದಿನ ಬೆಲೆ ನಿಂತಿದೆ. ಮೊಬೈಲ್ ಸೇವೆಯಲ್ಲಿ ಆದದ್ದು 299 ರೂಪಾಯಿಯ ಆ ಯೋಜನೆಯಲ್ಲಿ ಬರೆದಿಟ್ಟಂತಿದೆ. ತಿಂಗಳ ಕೊನೆಯಲ್ಲಿ ಉದ್ರಿ ಕೊಡುವ ಆ ಹತ್ತಡಿ ಮಳಿಗೆಯ ಮುಂದೆ ಹಾದುಹೋಗುವಾಗ, 46 ರೂಪಾಯಿಯ ಸಕ್ಕರೆಯಲ್ಲಿ ಏನೇನು ಸೇರಿದೆ ಎಂದು ಒಮ್ಮೆ ಎಣಿಸಿ ನೋಡುವುದು ಒಳಿತು.